ಕಣಕಾಲಿನ ಮೇಲಿನ ಬಿಲ್ಲೆಗಳು

ದೀಪಾವಳಿ ಕಳೆದು ಮೂಡಗಾಳಿ ಬೀಸತೊಡಗಿದೊಡನೆ ನಮ್ಮ ಬಯಲುಸೀಮೆಯ ಜನರಿಗೆ ತಮ್ಮ ಮೈಮೇಲೆ ಚರ್ಮವೆಂಬುದೊಂದು ಇದೆಯೆಂಬ ನೆನಪಾಗುತ್ತದೆ. ತುಟಿ ಒಡೆಯುತ್ತದೆ, ಹಿಮ್ಮಡಿ ಸೀಳುತ್ತದೆ, ಕಣಕಾಲಿನ ಮೇಲೆ ಉಗುರಿನಿಂದ ಗೆರೆ ಎಳೆದರೆ ಬಳಪದಿಂದ ಎಳೆದಂತೆ ಬೆಳ್ಳಗೆ ಮೂಡುತ್ತದೆ. ಶಾಲೆಯ ಹುಡುಗರು ಹೀಗೆ ಕಾಲಿನ ಮೇಲೆ ಹೆಸರು ಬರೆದುಕೊಳ್ಳುವುದನ್ನು ಓದುಗರು ನೋಡಿರಬಹುದು; ತಾವೇ ಬರೆದುಕೊಂಡಿದ್ದರೂ ಇರಬಹುದು. ಹುಡುಗರಲ್ಲಿ ಇದು ಆಟವಾಗಿಯೇ ಮುಗಿಯುತ್ತದೆ. ಆದರೆ ವಯಸ್ಸಾದವರಲ್ಲಿ ಕೆಲವರಿಗೆ ಅದೇ ಒಣಗಿದ ಕಾಲಿನ ಮೇಲೆ ನಾಣ್ಯದ ಆಕಾರದ ಮಚ್ಚೆಗಳೆದ್ದು, ನವೆಯಿಂದ ನಿದ್ದೆ ಕೆಡಿಸಿ, ನೀರು ಸುರಿಸಿ, ಚಳಿಗಾಲವೆಲ್ಲ ಕಾಡುವುದುಂಟು. ಇದನ್ನು ನಾವು ಬಿಲ್ಲೆ ಇಸಬು ಎಂದು ಕರೆಯೋಣ. ವೈದ್ಯರು ಬಳಸುವ 'ನಮ್ಯುಲರ್ ಎಕ್ಸಿಮಾ' ಎಂಬ ಹೆಸರಿನ ಅರ್ಥವೂ ಅದೇ. ಲ್ಯಾಟಿನ್ ಭಾಷೆಯಲ್ಲಿ 'ನಮ್ಯುಲಸ್' ಎಂದರೆ ಚಿಕ್ಕ ನಾಣ್ಯ. ಫ್ರಾನ್ಸಿನ ವೈದ್ಯನಾದ ಡೆವರ್ಜಿ ಎಂಬಾತನು 1857ರಲ್ಲಿ ಈ ಹೆಸರನ್ನು ಬಳಕೆಗೆ ತಂದನು.

ಈ ರೋಗದ ಸ್ವಭಾವವನ್ನು ತಿಳಿಯಲು ಬಳ್ಳಾರಿಯ ಕಡೆಯ ಜವಳಿ ಅಂಗಡಿಯ ಗುಮಾಸ್ತರೊಬ್ಬರ ಅನುಭವವನ್ನು ನೋಡೋಣ. ಅವರ ವಯಸ್ಸು ಐವತ್ತಾರು. ನವೆಂಬರ್ ತಿಂಗಳಲ್ಲಿ ಅವರ ಎಡಗಣಕಾಲಿನ ಮುಂಭಾಗದಲ್ಲಿ ಸಾಸಿವೆಗಿಂತಲೂ ಸಣ್ಣನೆಯ ಹತ್ತಾರು ಗುಳ್ಳೆಗಳು ಒತ್ತೊತ್ತಾಗಿ ಎದ್ದವು. ವಾರ ಕಳೆಯುವುದರಲ್ಲಿ ಅವು ಒಂದರೊಡನೊಂದು ಕೂಡಿಕೊಂಡು, ಇಂದಿನ ಹತ್ತು ರೂಪಾಯಿಯ ನಾಣ್ಯದಷ್ಟು ದೊಡ್ಡದಾದ ಒಂದು ದುಂಡು ಮಚ್ಚೆಯಾಯಿತು. ಕೆರೆದಾಗ ಅದರಿಂದ ತಿಳಿಯಾದ ನೀರು ಜಿನುಗಿ ಪಂಚೆಗೆ ಅಂಟಿಕೊಳ್ಳುತ್ತಿತ್ತು; ಬೆಳಗಾಗುವ ಹೊತ್ತಿಗೆ ಆ ನೀರು ಒಣಗಿ ಜೇನಿನ ಬಣ್ಣದ ಹಕ್ಕಳೆಯಾಗುತ್ತಿತ್ತು. ನೋಡಿದವರೆಲ್ಲರೂ 'ಇದು ಹುಳುಕಡ್ಡಿ' ಎಂದರು. ಗುಮಾಸ್ತರು ಔಷಧದ ಅಂಗಡಿಯಿಂದ ಒಂದು ಕ್ರೀಮಿನ ಕೊಳವೆಯನ್ನು ತಂದು ಹಚ್ಚಿದರು. ನಾಲ್ಕೇ ದಿನದಲ್ಲಿ ನವೆ ನಿಂತಿತು. ಹಚ್ಚುವುದನ್ನು ಬಿಟ್ಟ ಎರಡು ವಾರಕ್ಕೆ ಅದೇ ಜಾಗದಲ್ಲಿ ಮಚ್ಚೆ ಮರಳಿತು. ಅದರ ಪಕ್ಕದಲ್ಲಿ ಇನ್ನೆರಡು ಹುಟ್ಟಿದವು. ಸೋಂಕು ಹರಡುತ್ತಿದೆಯೆಂದು ಹೆದರಿದ ಅವರು ದಿನಕ್ಕೆ ಎರಡು ಸಲ, ಹೊಗೆಯಾಡುವ ಹಂಡೆಯ ನೀರಿನಲ್ಲಿ, ಕಟುವಾಸನೆಯ ಸೋಪನ್ನೂ ತೆಂಗಿನ ನಾರನ್ನೂ ಹಿಡಿದು ಕಾಲನ್ನು ತಿಕ್ಕಿ ತೊಳೆಯತೊಡಗಿದರು. ಜನವರಿಯ ಹೊತ್ತಿಗೆ ಎಡಗಾಲಿನಲ್ಲಿ ನಾಲ್ಕು, ಬಲಗಾಲಿನಲ್ಲಿ ಮೂರು, ಒಟ್ಟು ಏಳು ಬಿಲ್ಲೆಗಳಿದ್ದವು. ಶುಚಿಯಾಗಿರಬೇಕೆಂಬ ಅವರ ಶ್ರದ್ಧೆಯೇ ರೋಗಕ್ಕೆ ಗೊಬ್ಬರವಾಗಿತ್ತು.

ಹುಳುಕಡ್ಡಿಯೆಂಬ ಊಹೆ ತಪ್ಪಾದರೂ ಅದು ಮೂರ್ಖತನವೇನಲ್ಲ. ಎರಡೂ ದುಂಡಗಿರುತ್ತವೆ, ಎರಡೂ ನವೆಯಾಗುತ್ತವೆ. ಬಿಲ್ಲೆ ಇಸಬು ಹಳೆಯದಾದಾಗ ಕೆಲವೊಮ್ಮೆ ಅದರ ನಡುಭಾಗ ತಿಳಿಯಾಗಿ ಉಂಗುರದಂತೆ ಕಾಣುವುದರಿಂದ ಅನುಭವಿಗಳೂ ಮೋಸಹೋಗುತ್ತಾರೆ. ಆದರೂ ಗುರುತಿಸಲು ದಾರಿಗಳಿವೆ. ಹುಳುಕಡ್ಡಿಯೆಂಬುದು ಹುಳುವಿನ ಕೆಲಸವಲ್ಲ, ಬೂಷ್ಟಿನ ಜಾತಿಯ ಶಿಲೀಂಧ್ರದ ಕೆಲಸ. ಅದು ಚರ್ಮದ ಒಂದು ಬಿಂದುವಿನಲ್ಲಿ ಬೇರೂರಿ, ಹುಲ್ಲಿಗೆ ಬಿದ್ದ ಬೆಂಕಿಯಂತೆ ಹೊರಹೊರಕ್ಕೆ ಸಾಗುತ್ತದೆ. ಆದುದರಿಂದ ಅದರ ಅಂಚು ಉಬ್ಬಿ ಹೊಟ್ಟೆದ್ದಿರುತ್ತದೆ. ನಡುವೆ ಚರ್ಮ ಸ್ವಲ್ಪ ಶಾಂತವಾಗಿರುತ್ತದೆ. ಬಿಲ್ಲೆ ಇಸಬಿನಲ್ಲಾದರೋ ಮಚ್ಚೆಯ ಮೈಯೆಲ್ಲ ಒಂದೇ ಸಮನಾಗಿ ಕೆರಳಿರುತ್ತದೆ, ನೀರು ಸುರಿಯುತ್ತದೆ, ಸುತ್ತಲಿನ ಚರ್ಮ ಒಣಗಿ ಬಿರುಕುಬಿಟ್ಟಿರುತ್ತದೆ. ಇಂಗ್ಲಿಷ್ ಪುಸ್ತಕಗಳು ಇದನ್ನು ಕೆಂಪು ಮಚ್ಚೆಯೆಂದು ಬಣ್ಣಿಸುತ್ತವೆ. ಅದು ಬಿಳಿಯ ಚರ್ಮದವರ ಮಾತು. ನಮ್ಮ ಕಂದುಬಣ್ಣದ ಚರ್ಮದಲ್ಲಿ ಅದು ನೇರಿಳೆ ಛಾಯೆಯ ಕಪ್ಪಾಗಿಯೋ ಬೂದಿಮಿಶ್ರಿತ ಕಂದಾಗಿಯೋ ಕಾಣುವುದೇ ಹೆಚ್ಚು. ಕೆಂಪಿಲ್ಲವೆಂದು ಉರಿಯೂತವೇ ಇಲ್ಲವೆನ್ನಲಾಗದು.

ಸಂದೇಹವನ್ನು ನೀಗಿಸಲು ಒಂದು ಸುಲಭವಾದ ಪರೀಕ್ಷೆ ಇದೆ. ಮಚ್ಚೆಯ ಅಂಚಿನಿಂದ ಮೊಂಡು ಚಾಕುವಿನಿಂದ ಸ್ವಲ್ಪ ಹೊಟ್ಟನ್ನು ಕೆರೆದು ಗಾಜಿನ ಪಟ್ಟಿಯ ಮೇಲೆ ಉದುರಿಸಿ, ಅದಕ್ಕೆ ಶೇಕಡ 10ರ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದ ಒಂದು ಹನಿಯನ್ನು ಹಾಕಿ ಸ್ವಲ್ಪ ಹೊತ್ತು ಬಿಡುತ್ತಾರೆ. ಈ ಕ್ಷಾರವು ಚರ್ಮದ ಕಣಗಳನ್ನು ಕರಗಿಸಿ ಪಾರದರ್ಶಕವಾಗಿಸುತ್ತದೆ. ಶಿಲೀಂಧ್ರದ ಎಳೆಗಳನ್ನು ಮಾತ್ರ ಅಷ್ಟು ಬೇಗ ಕರಗಿಸಲಾರದು. ಸೂಕ್ಷ್ಮದರ್ಶಕದಲ್ಲಿ ಕವಲೊಡೆದ ಎಳೆಗಳು ಕಂಡರೆ ಅದು ಹುಳುಕಡ್ಡಿ. ಗುಮಾಸ್ತರ ಕಾಲಿನ ಹೊಟ್ಟಿನಲ್ಲಿ ಅಂತಹ ಎಳೆಗಳು ಕಾಣಲಿಲ್ಲ. ಒಂದು ಸಲ ಕಾಣದಿದ್ದರೆ ಇಲ್ಲವೇ ಇಲ್ಲವೆಂದು ಹೇಳುವಂತಿಲ್ಲ. ಆದುದರಿಂದ ಇನ್ನೊಂದು ಬಿಲ್ಲೆಯಿಂದಲೂ ಕೆರೆದು ನೋಡಿದರು. ಅಲ್ಲಿಯೂ ಇರಲಿಲ್ಲ.

ಹಾಗಾದರೆ ಅಂಗಡಿಯ ಕ್ರೀಮಿನಿಂದ ನಾಲ್ಕು ದಿನ ಗುಣವಾದುದು ಹೇಗೆ? ಇಂತಹ ಅನೇಕ ಕ್ರೀಮುಗಳಲ್ಲಿ ಶಿಲೀಂಧ್ರನಾಶಕ, ಬ್ಯಾಕ್ಟೀರಿಯಾನಾಶಕ ಮತ್ತು ಪ್ರಬಲವಾದ ಸ್ಟೀರಾಯಿಡು ಮೂರೂ ಬೆರೆತಿರುತ್ತವೆ. ಉರಿಯೂತವನ್ನು ಅಡಗಿಸಿದುದು ಸ್ಟೀರಾಯಿಡು. ಅದನ್ನು ನಾಲ್ಕೇ ದಿನಕ್ಕೆ ನಿಲ್ಲಿಸಿದುದರಿಂದ ಬೂದಿ ಮುಚ್ಚಿದ ಕೆಂಡ ಮತ್ತೆ ಉರಿಯಿತು. ಇದೇ ಕ್ರೀಮನ್ನು ನಿಜವಾದ ಹುಳುಕಡ್ಡಿಗೆ ಹಚ್ಚಿದರೆ ಇನ್ನೂ ಕೇಡು. ಸ್ಟೀರಾಯಿಡು ದೇಹದ ಪ್ರತಿಭಟನೆಯನ್ನು ಅಡಗಿಸುವುದರಿಂದ ನವೆ ನಿಲ್ಲುತ್ತದೆ, ಶಿಲೀಂಧ್ರವು ಮಾತ್ರ ನಿರಾತಂಕವಾಗಿ ಬೆಳೆಯುತ್ತದೆ. ಮಚ್ಚೆಯ ಆಕಾರವೂ ಕೆಟ್ಟು ರೋಗವನ್ನು ಗುರುತಿಸುವುದೇ ಕಷ್ಟವಾಗುತ್ತದೆ. ರೋಗ ಯಾವುದೇ ಇರಲಿ, ಮೂರನ್ನೂ ಬೆರೆಸಿ ಹಚ್ಚುವುದು ಕತ್ತಲೆಯಲ್ಲಿ ಕಲ್ಲೆಸೆದಂತೆಯೇ ಸರಿ.

ಬಿಲ್ಲೆಗಳು ಒಣಹವೆಯಲ್ಲಿಯೇ, ಅದರಲ್ಲಿಯೂ ಕಣಕಾಲಿನ ಮೇಲೆಯೇ ಹೆಚ್ಚಾಗಿ ಏಳುವುದೇಕೆ? ಚರ್ಮದ ಅತ್ಯಂತ ಹೊರಗಿನ ಕೊಂಬುಪದರವೆಂಬುದು ಮೈಯ ಬಹುಭಾಗದಲ್ಲಿ ಒಂದು ಮಿಲಿಮೀಟರಿನ ಐವತ್ತರಲ್ಲೊಂದು ಭಾಗದಷ್ಟೂ ದಪ್ಪವಿರುವುದಿಲ್ಲ. ಸತ್ತ ಚಪ್ಪಟೆ ಕಣಗಳು ಇಟ್ಟಿಗೆಗಳಂತೆ ಜೋಡಿಸಲ್ಪಟ್ಟು, ಅವುಗಳ ಸಂದುಗಳಲ್ಲಿ ಒಂದು ಬಗೆಯ ಜಿಡ್ಡು ಗಾರೆಯಂತೆ ತುಂಬಿರುವ ಗೋಡೆ ಅದು. ಈ ಗೋಡೆ ಮೆತ್ತಗಿರುವುದು ಯಾವುದರಿಂದ? ಜಿಡ್ಡಿನಿಂದ ಎಂದೇ ಬಹುಕಾಲ ಎಲ್ಲರೂ ಭಾವಿಸಿದ್ದರು. ಅಮೆರಿಕದ ಇರ್ವಿನ್ ಬ್ಲಾಂಕ್ ಎಂಬ ವಿಜ್ಞಾನಿ 1952ರಲ್ಲಿ ಪ್ರಕಟಿಸಿದ ಪ್ರಯೋಗಗಳು ಈ ನಂಬಿಕೆಯನ್ನು ತಲೆಕೆಳಗು ಮಾಡಿದವು. ಆತನು ಅಂಗಾಲಿನಲ್ಲಿ ಬೆಳೆಯುವಂತಹ ಗಟ್ಟಿಚರ್ಮದ ಒಣ ತುಂಡುಗಳನ್ನು ತೆಗೆದುಕೊಂಡು ನಾನಾ ಬಗೆಯ ಜಿಡ್ಡುಗಳಲ್ಲಿ ನೆನೆಯಿಟ್ಟನು. ಎಷ್ಟು ನೆನೆದರೂ ಅವು ಸೆಟೆದೇ ಇದ್ದವು. ನೀರಿನಲ್ಲಿ ಹಾಕಿದುವು ಮಾತ್ರ ಮೆತ್ತಗಾದವು. ಕೊಂಬುಪದರದಲ್ಲಿ ಶೇಕಡ 10ರಷ್ಟಾದರೂ ನೀರಿರಬೇಕು. ಅದಕ್ಕಿಂತ ಕಡಮೆಯಾದರೆ ಪದರ ಬಿರುಸಾಗಿ ಒಡೆಯುತ್ತದೆ. ಜಿಡ್ಡಿನ ಕೆಲಸ ಮೃದುಗೊಳಿಸುವುದಲ್ಲ, ಒಳಗಿನ ನೀರು ಆರಿಹೋಗದಂತೆ ತಡೆಯುವುದು. ಈ ಒಂದು ಸಂಗತಿಯನ್ನು ಓದುಗರು ಮನಸ್ಸಿನಲ್ಲಿಟ್ಟುಕೊಂಡರೆ ಮುಂದೆ ಹೇಳುವ ಚಿಕಿತ್ಸೆಯ ಅರ್ಧ ಭಾಗ ತಾನಾಗಿಯೇ ತಿಳಿಯುತ್ತದೆ.

ಕಣಕಾಲಿನಲ್ಲಿ ಜಿಡ್ಡನ್ನು ಸ್ರವಿಸುವ ಗ್ರಂಥಿಗಳು ಮುಖದಲ್ಲಿರುವುದಕ್ಕಿಂತ ಬಹಳ ವಿರಳ. ವಯಸ್ಸಾದಂತೆ ಅವುಗಳ ಸ್ರಾವವೂ, ಸಂದುಗಳಲ್ಲಿರುವ ಗಾರೆಯೂ ಕಡಮೆಯಾಗುತ್ತವೆ. ಇದರ ಮೇಲೆ ಚಳಿಗಾಲದ ಒಣಗಾಳಿ ಹೊರಗಿನಿಂದ ನೀರನ್ನು ಹೀರುತ್ತದೆ. ಸಾಲದುದಕ್ಕೆ ಸುಡುನೀರು ಗಾರೆಯನ್ನು ಕರಗಿಸುತ್ತದೆ, ಸೋಪು ಅದನ್ನು ಕೊಚ್ಚಿಕೊಂಡು ಹೋಗುತ್ತದೆ, ನಾರು ಇಟ್ಟಿಗೆಗಳನ್ನೇ ಕೀಳುತ್ತದೆ. ಬಿರುಕುಬಿಟ್ಟ ಗೋಡೆಯ ಮೂಲಕ ಹೊರಗಿನ ಕೆರಳಿಸುವ ವಸ್ತುಗಳೂ ಬ್ಯಾಕ್ಟೀರಿಯಾಗಳೂ ಒಳಹೊಕ್ಕಾಗ, ರಕ್ತದಲ್ಲಿರುವ ರಕ್ಷಕ ಕಣಗಳು ಅಲ್ಲಿಗೆ ಧಾವಿಸುತ್ತವೆ. ರಕ್ತನಾಳಗಳಿಂದ ದ್ರವ ಸೋರಿ ಚರ್ಮದ ಕಣಗಳ ನಡುವೆ ತುಂಬಿಕೊಳ್ಳುತ್ತದೆ. ನಾವು ಕಾಣುವ ಗುಳ್ಳೆ ಇದೇ. ಜಿನುಗುವ ನೀರೂ ಇದೇ. ಕೆರೆದಂತೆ ಗೋಡೆ ಇನ್ನಷ್ಟು ಕುಸಿಯುತ್ತದೆ, ಕುಸಿದಂತೆ ನವೆ ಹೆಚ್ಚುತ್ತದೆ. ಆದುದರಿಂದಲೇ ಒಣಗಿದ ಚರ್ಮದ ಮೇಲೆ ಒದ್ದೆಯಾದ ಮಚ್ಚೆ ಎಂಬ ವಿಚಿತ್ರವನ್ನು ಈ ರೋಗದಲ್ಲಿ ಕಾಣುತ್ತೇವೆ. ಬಿಲ್ಲೆಗಳು ಇಷ್ಟು ಅಚ್ಚುಕಟ್ಟಾಗಿ ದುಂಡಗಿರುವುದು ಏತಕ್ಕೆಂಬುದನ್ನು ಮಾತ್ರ ಚರ್ಮಶಾಸ್ತ್ರಜ್ಞರು ಇಂದಿಗೂ ತೃಪ್ತಿಕರವಾಗಿ ವಿವರಿಸಿಲ್ಲ.

ಇನ್ನು ಗುಮಾಸ್ತರಿಗೆ ವೈದ್ಯರು ಮಾಡಿದ ಚಿಕಿತ್ಸೆ. ಮೊದಲು ನೀರು ಜಿನುಗುವುದನ್ನು ನಿಲ್ಲಿಸಬೇಕಾಗಿತ್ತು. ಇಲ್ಲಿ ಅನುಸರಿಸುವ ಹಳೆಯ ಸೂತ್ರವು ವಿರೋಧಾಭಾಸದಂತೆ ತೋರುತ್ತದೆ: ಒದ್ದೆಯಾದುದಕ್ಕೆ ಒದ್ದೆಯನ್ನೇ ಹಾಕು. 400 ಮಿಲಿಗ್ರಾಂ ಪೊಟ್ಯಾಸಿಯಂ ಪರ್ಮಾಂಗನೇಟನ್ನು ನಾಲ್ಕು ಲೀಟರು ನೀರಿನಲ್ಲಿ ಕರಗಿಸಿದರೆ ಹತ್ತು ಸಾವಿರಕ್ಕೊಂದು ಪಾಲಿನ ತಿಳಿ ಗುಲಾಬಿ ಬಣ್ಣದ ದ್ರಾವಣವಾಗುತ್ತದೆ. ಹಳೆಯ ಪಂಚೆಯ ತುಂಡನ್ನು ನಾಲ್ಕು ಮಡಿಕೆ ಮಾಡಿ, ಇದರಲ್ಲಿ ಅದ್ದಿ, ತುಸು ಹಿಂಡಿ, ಬಿಲ್ಲೆಗಳ ಮೇಲೆ ಹದಿನೈದು ನಿಮಿಷ ಇಡಬೇಕು. ದಿನಕ್ಕೆ ಎರಡು ಸಲ. ಬಟ್ಟೆಯಿಂದ ನೀರು ಆವಿಯಾಗುವಾಗ ಚರ್ಮ ತಂಪಾಗಿ ನವೆ ತಗ್ಗುತ್ತದೆ, ಹಕ್ಕಳೆ ನೆನೆದು ಬಿಡುತ್ತದೆ, ಪರ್ಮಾಂಗನೇಟು ಬ್ಯಾಕ್ಟೀರಿಯಾಗಳನ್ನು ತಗ್ಗಿಸುತ್ತದೆ. ಒಂದೇ ಒಂದು ಹರಳು ಕರಗದೆ ಉಳಿದು ಚರ್ಮಕ್ಕೆ ತಗುಲಿದರೂ ಸುಟ್ಟ ಗಾಯವಾಗುವುದು. ನುಂಗಿದರೆ ಪ್ರಾಣಕ್ಕೇ ಅಪಾಯ. ದ್ರಾವಣ ತಾಗಿದ ಉಗುರು, ಬಟ್ಟೆ, ಬಕೆಟ್ಟು ಎಲ್ಲವೂ ಕಂದಾಗುತ್ತವೆ. ಗುಮಾಸ್ತರ ಮನೆಯವರು ಇದಕ್ಕೆ ಬೇಸರಪಟ್ಟದ್ದು ಸಹಜವೇ. ನಾಲ್ಕನೆಯ ದಿನ ಜಿನುಗುವುದು ನಿಂತಿತು, ಒದ್ದೆಬಟ್ಟೆಯನ್ನೂ ನಿಲ್ಲಿಸಿದರು. ಒಣಗಿದ ಮೇಲೆಯೂ ಮುಂದುವರಿಸಿದರೆ ಅದೇ ಚರ್ಮವನ್ನು ಒಣಗಿಸಿ ಬಿರುಕುಗೊಳಿಸುತ್ತದೆ.

ಎರಡನೆಯದು ಉರಿಯೂತವನ್ನು ಅಡಗಿಸುವ ಮುಲಾಮು. ಬ್ಲಾಂಕನ ಪ್ರಯೋಗಗಳು ಪ್ರಕಟವಾದ ಆ 1952ರಲ್ಲಿಯೇ ನ್ಯೂಯಾರ್ಕಿನ ಸಲ್ಜ್‌ಬರ್ಗರ್ ಮತ್ತು ವಿಟನ್ ಎಂಬ ವೈದ್ಯರು ಹೈಡ್ರೊಕಾರ್ಟಿಸೋನನ್ನು ಚರ್ಮದ ಮೇಲೆ ಹಚ್ಚಿದರೆ ಇಸಬು ಶಮನವಾಗುವುದೆಂದು ತೋರಿಸಿದರು. ಬಿಲ್ಲೆ ಇಸಬಿನ ದಪ್ಪ ಮಚ್ಚೆಗೆ ಅಷ್ಟು ಸೌಮ್ಯವಾದುದು ಸಾಮಾನ್ಯವಾಗಿ ಸಾಲದು. ಅದರಿಂದ ಮುಂದೆ ಬಂದ ಪ್ರಬಲ ಸಂತತಿ ಬೇಕು. ಗುಮಾಸ್ತರಿಗೆ ಕೊಟ್ಟುದು ಶೇಕಡ 0.05ರ ಬೀಟಾಮೆಥಸೋನ್ ಡೈಪ್ರೊಪಿಯೊನೇಟ್, ಅದೂ ಕ್ರೀಮಲ್ಲ, ಜಿಡ್ಡಾದ ಮುಲಾಮು. ದಿನಕ್ಕೆರಡು ಸಲ, ಬಿಲ್ಲೆಗಳ ಮೇಲೆ ಮಾತ್ರ, ಮೂರು ವಾರ.

ಎಷ್ಟು ಹಚ್ಚಬೇಕು? ದೊಡ್ಡವರ ತೋರುಬೆರಳಿನ ತುದಿಯ ಗೆಣ್ಣಿನುದ್ದಕ್ಕೆ ಕೊಳವೆಯಿಂದ ಹಿಂಡಿದ ಮುಲಾಮು ಸುಮಾರು ಅರ್ಧ ಗ್ರಾಂ ತೂಗುತ್ತದೆ. ಬೆರಳುಗಳೂ ಸೇರಿ ಎರಡು ಅಂಗೈಗಳಷ್ಟು, ಎಂದರೆ ಸುಮಾರು 300 ಚದರ ಸೆಂಟಿಮೀಟರು ಚರ್ಮಕ್ಕೆ ಅದು ಸಾಕು. ಹತ್ತು ರೂಪಾಯಿ ನಾಣ್ಯದ ಅಡ್ಡಳತೆ 27 ಮಿಲಿಮೀಟರು, ವಿಸ್ತೀರ್ಣ 5.7 ಚದರ ಸೆಂಟಿಮೀಟರು. ಏಳು ಬಿಲ್ಲೆಗಳು ಸೇರಿ 40 ಚದರ ಸೆಂಟಿಮೀಟರು. ಆದುದರಿಂದ ಒಂದು ಸಲಕ್ಕೆ ಬೇಕಾದುದು ಬೆರಳ ತುದಿಯ ಅಳತೆಯಲ್ಲಿ ಏಳರಲ್ಲೊಂದು ಪಾಲಿಗಿಂತ ಸ್ವಲ್ಪ ಕಡಮೆ, ಸುಮಾರು 0.07 ಗ್ರಾಂ. ಮೂರು ವಾರದ ನಲವತ್ತೆರಡು ಸರದಿಗಳಿಗೆ ಮೂರು ಗ್ರಾಂ ಮುಲಾಮು ಸಾಕು! ಹತ್ತು ಗ್ರಾಮಿನ ಕೊಳವೆ ವಾರದಲ್ಲಿ ಮುಗಿದರೆ ರೋಗಿ ಅದನ್ನು ಕಾಲಿಗೆಲ್ಲ ಬಳಿಯುತ್ತಿದ್ದಾನೆಂದು ತಿಳಿಯಬೇಕು. ಹಾಗೆ ತಿಂಗಳುಗಟ್ಟಲೆ ಬಳಿದರೆ ಚರ್ಮ ಕಾಗದದಂತೆ ತೆಳುವಾಗಿ, ಸಣ್ಣ ಪೆಟ್ಟಿಗೂ ಹರಿಯುವಂತಾಗುತ್ತದೆ.

ಕಾಲಿಗೆಲ್ಲ ಬಳಿಯಬೇಕಾದುದು ಬೇರೆ ಇದೆ. ಅದೇ ಮೂರನೆಯದು: ಸಾಮಾನ್ಯ ಜಿಡ್ಡು. ಎರಡು ಕಾಲುಗಳಿಗೂ ಒಂದು ಸಲಕ್ಕೆ ಎಂಟು ಗ್ರಾಮಿನಂತೆ ದಿನಕ್ಕೆ ಎರಡು ಸಲ ಹಚ್ಚಿದರೆ ವಾರಕ್ಕೆ ನೂರು ಗ್ರಾಂ ಮೀರುತ್ತದೆ. ಮುಲಾಮು ಮೂರು ವಾರಕ್ಕೆ ಮೂರು ಗ್ರಾಂ, ಜಿಡ್ಡು ವಾರಕ್ಕೇ ನೂರು ಗ್ರಾಂ. ಜನರು ಮಾಡುವುದು ಇದಕ್ಕೆ ನೇರವಾಗಿ ವಿರುದ್ಧ. ಬಿಳಿಯ ವ್ಯಾಸಲೀನು ಅಗ್ಗವೂ ಹೌದು, ನೀರನ್ನು ತಡೆಯುವುದರಲ್ಲಿ ಸಮರ್ಥವೂ ಹೌದು. ಸುವಾಸನೆ ಬೆರೆಸದಿರುವುದರಿಂದ ಅದು ಕೆರಳಿಸುವುದೂ ಅಪರೂಪ. ಹಚ್ಚುವ ಸಮಯವೇ ಮುಖ್ಯ. ಬ್ಲಾಂಕನ ಚರ್ಮದ ತುಂಡುಗಳನ್ನು ನೆನೆದುಕೊಳ್ಳಿರಿ: ಒಣಗಿದ ಚರ್ಮಕ್ಕೆ ಜಿಡ್ಡು ಬಳಿದರೆ ಒಳಗೆ ಹಿಡಿದಿಡಲು ಹೆಚ್ಚು ನೀರೇ ಇರುವುದಿಲ್ಲ. ಉಗುರುಬೆಚ್ಚಗಿನ ನೀರಿನಲ್ಲಿ ಐದು-ಹತ್ತು ನಿಮಿಷ ಸ್ನಾನ ಮಾಡಿ, ಟವೆಲಿನಿಂದ ತಿಕ್ಕದೆ ಒತ್ತಿ, ಚರ್ಮ ಇನ್ನೂ ತೇವವಾಗಿರುವಾಗಲೇ, ಮೂರು ನಿಮಿಷದೊಳಗೆ, ಹಚ್ಚಬೇಕು. ಸೋಪು ಕಂಕುಳು, ತೊಡೆಸಂದು, ಪಾದಗಳಿಗೆ ಮಾತ್ರ ಸಾಕು, ಕಣಕಾಲಿಗೆ ಬೇಡ. ಮುಲಾಮು ಮತ್ತು ಜಿಡ್ಡಿನ ನಡುವೆ ಅರ್ಧ ಗಂಟೆಯ ಬಿಡುವಿದ್ದರೆ ಒಂದು ಇನ್ನೊಂದನ್ನು ತೆಳುಮಾಡುವುದಿಲ್ಲ.

ವ್ಯಾಸಲೀನು ಪಂಚೆಗೆ ಅಂಟುತ್ತದೆ, ಅಂಗಡಿಯ ಬಟ್ಟೆಗಳಿಗೆ ಕಲೆಯಾಗುತ್ತದೆ ಎಂಬುದು ಗುಮಾಸ್ತರ ದೂರು. ದೂರಿನಲ್ಲಿ ನ್ಯಾಯವಿತ್ತು. ರಾತ್ರಿ ವ್ಯಾಸಲೀನು, ಬೆಳಿಗ್ಗೆ ಕೊಬ್ಬರಿ ಎಣ್ಣೆ ಎಂದು ರಾಜಿಯಾಯಿತು. ಹಚ್ಚದೆ ಬಿಟ್ಟ ಉತ್ತಮ ಔಷಧಕ್ಕಿಂತ ಹಚ್ಚಿದ ಸಾಧಾರಣ ಔಷಧವೇ ಮೇಲು. ವ್ಯಾಸಲೀನು ಹೀರಿದ ಬಟ್ಟೆಗೆ ಬೆಂಕಿ ಬೇಗ ಹತ್ತುವುದರಿಂದ, ಚಳಿ ಕಾಯಿಸಲು ಒಲೆಯ ಮುಂದೆ ಕೂರುವವರು ಎಚ್ಚರವಾಗಿರಬೇಕೆಂಬ ಮಾತನ್ನೂ ಇಲ್ಲಿಯೇ ಸೇರಿಸುತ್ತೇವೆ. ಬೆಳ್ಳುಳ್ಳಿಯನ್ನು ಅರೆದು ಕಟ್ಟುವವರಿಗೂ ಒಂದು ಮಾತು: ಅದರ ರಸ ಚರ್ಮವನ್ನು ಸುಟ್ಟು ಬೊಬ್ಬೆ ಎಬ್ಬಿಸಬಲ್ಲದು.

ಚಿಕಿತ್ಸೆ ದಾರಿ ತಪ್ಪುವುದು ಹೇಗೆಂಬುದನ್ನೂ ತಿಳಿದಿರಬೇಕು. ಬಿಲ್ಲೆಯಲ್ಲಿ ನವೆಯ ಬದಲು ನೋವು ಹೆಚ್ಚಿದರೆ, ಕೀವು ಕಂಡರೆ, ಸುತ್ತಲೂ ಬಿಸಿಯಾಗಿ ಬಾತರೆ, ಜ್ವರ ಬಂದರೆ ಸ್ಟ್ಯಾಫಿಲೊಕಾಕಸ್‌ನಂತಹ ಬ್ಯಾಕ್ಟೀರಿಯಾದ ಸೋಂಕು ಆಳಕ್ಕಿಳಿದಿದೆಯೆಂದು ಅರ್ಥ. ಅದೇ ದಿನ ವೈದ್ಯರ ಬಳಿಗೆ ಹೋಗಬೇಕು. ಮೂರು-ನಾಲ್ಕು ವಾರ ಸರಿಯಾಗಿ ಹಚ್ಚಿದರೂ ಜಗ್ಗದಿದ್ದರೆ ಊಹೆಯನ್ನೇ ಮತ್ತೆ ಪರೀಕ್ಷಿಸಬೇಕು. ಕೆಲವರಿಗೆ ಯಾವುದಾದರೊಂದು ವಸ್ತು, ಕೆಲವೊಮ್ಮೆ ಹಚ್ಚುವ ಮುಲಾಮೇ, ಒಗ್ಗದಿರುತ್ತದೆ. ಅನುಮಾನಿತ ವಸ್ತುಗಳನ್ನು ಬೆನ್ನಿಗೆ ಎರಡು ದಿನ ಅಂಟಿಸಿಟ್ಟು ಇದನ್ನು ಪತ್ತೆಮಾಡುತ್ತಾರೆ. ಒಂದೇ ಒಂದು ಬಿಲ್ಲೆ ತಿಂಗಳುಗಟ್ಟಲೆ ಅಲುಗಾಡದೆ ನಿಂತು ಮೆಲ್ಲಗೆ ಬೆಳೆಯುತ್ತಿದ್ದರೆ ಅದರ ಚೂರನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವುದು ಅಗತ್ಯ. ಚರ್ಮದ ಕ್ಯಾನ್ಸರಿನ ಒಂದು ಆರಂಭದ ರೂಪವೂ ಇದೇ ವೇಷದಲ್ಲಿ ಬರುವುದುಂಟು. ಮೈಯೆಲ್ಲ ಬಿಲ್ಲೆಗಳಾದವರಿಗೆ ನೇರಳಾತೀತ ಕಿರಣಗಳ ಚಿಕಿತ್ಸೆಯೋ ನುಂಗುವ ಔಷಧಗಳೋ ಬೇಕಾಗಬಹುದು. ಅದು ತಜ್ಞರ ಕೆಲಸ.

ಗುಮಾಸ್ತರ ಬಿಲ್ಲೆಗಳು ಮೂರನೆಯ ವಾರದ ಕೊನೆಗೆ ಸಪಾಟಾದವು. ನವೆ ಅದಕ್ಕೂ ಮೊದಲೇ ನಿಂತಿತ್ತು. ಈ ಸಲ ಮುಲಾಮನ್ನು ಒಮ್ಮೆಲೆ ಬಿಡಲಿಲ್ಲ. ಹಳೆಯ ಜಾಗಗಳಿಗೆ ವಾರಕ್ಕೆ ಎರಡು ದಿನದಂತೆ ಇನ್ನೂ ಆರು ವಾರ ಹಚ್ಚಿದರು. ಆದರೆ ಏಳು ಕಡೆಯೂ ಏಳು ಕಪ್ಪು ಗುರುತುಗಳು ಉಳಿದವು. ರೋಗ ಒಳಗೇ ಇದೆಯೆಂದು ಅವರಿಗೆ ಅನುಮಾನ. ಮತ್ತೆ ಕೊಳವೆಗೆ ಕೈಹಾಕುವವರಿದ್ದರು. ಬೆರಳಿಂದ ಸವರಿ ನೋಡಲು ಹೇಳಿದೆವು. ಚರ್ಮ ನುಣುಪಾಗಿತ್ತು, ಹೊಟ್ಟಿರಲಿಲ್ಲ, ನವೆ ಇರಲಿಲ್ಲ. ಉರಿಯೂತದ ಕಾಲದಲ್ಲಿ ಚರ್ಮದ ಬಣ್ಣ ಒಳಪದರಕ್ಕೆ ಇಳಿದು ಉಳಿದ ಕಲೆ ಅದು. ಮುಲಾಮಿನಿಂದ ಹೋಗದು, ಕಾಲವೇ ಅಳಿಸಬೇಕು. ಮಳೆಗಾಲದ ಹೊತ್ತಿಗೆ ಅವು ಮಾಸಿದವು. ಮುಂದಿನ ವರ್ಷ ಅವರು ಮೂಡಗಾಳಿಯನ್ನು ಕಾಯದೆ ನವರಾತ್ರಿಯಿಂದಲೇ ವ್ಯಾಸಲೀನು ಹಚ್ಚತೊಡಗಿದರು. ಡಿಸೆಂಬರಿನಲ್ಲಿ ಎಡಗಣಕಾಲಿನ ಮೊದಲಿನ ಜಾಗದಲ್ಲಿಯೇ ಒಂದು ಬಿಲ್ಲೆ ಮತ್ತೆ ಎದ್ದಿತು. ಸಾಸಿವೆ ಗುಳ್ಳೆಗಳು ಕಂಡ ದಿನವೇ ವೈದ್ಯರಿಗೆ ತೋರಿಸಿ, ಮೊದಲಿನ ಮುಲಾಮನ್ನು ಆರಂಭಿಸಿದುದರಿಂದ ಹತ್ತು ದಿನದಲ್ಲಿ ಅಡಗಿತು. ಉಳಿದ ಆರು ಆ ವರ್ಷ ಏಳಲಿಲ್ಲ.